ಹಿರಿಯರ ಮೊಬೈಲಿಗೆ ಯಾವ ಕೀಬೋರ್ಡ್? ಎತ್ತರ, ಅಗಲ ಮತ್ತು ಬಣ್ಣದ ಒಂದು ಹೋಲಿಕೆ

ಸುರತ್ಕಲ್ ಹತ್ತಿರದ ಕುಳಾಯಿಯಲ್ಲಿರುವ ನನ್ನ ದೊಡ್ಡಮ್ಮನಿಗೆ 73 ವರ್ಷ. ಏಳನೇ ತರಗತಿಯವರೆಗೆ ಓದಿದವರು, ಆಮೇಲೆ ನಲವತ್ತು ವರ್ಷ ಬೀಡಿ ಕಟ್ಟಿದವರು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಬಿಡದೆ ಓದುತ್ತಾರೆ. ಕಳೆದ ಮಳೆಗಾಲದಲ್ಲಿ ಅವರ ಮಗ ದುಬೈಯಿಂದ ಬಂದಾಗ 6.5 ಇಂಚು ಪರದೆಯ ಆಂಡ್ರಾಯ್ಡ್ ಫೋನ್ ಕೊಟ್ಟು ಹೋದ. ಕರೆ ಮಾಡುವುದನ್ನು, ವಿಡಿಯೊ ಕರೆ ಎತ್ತುವುದನ್ನು ದೊಡ್ಡಮ್ಮ ಎರಡೇ ದಿನದಲ್ಲಿ ಕಲಿತರು. ಬರೆಯುವುದು ಮಾತ್ರ ಆಗಲಿಲ್ಲ. "ನಾನು ಒತ್ತುವುದು ಒಂದು, ಬರುವುದು ಪಕ್ಕದ್ದು" ಎಂದು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟುಬಿಟ್ಟರು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಸೆಟ್ಟಿಂಗ್ಸಿಗೆ ಹೋಗಿ ಕೀಬೋರ್ಡಿನ ಎತ್ತರವನ್ನು ಗರಿಷ್ಠ ಮಟ್ಟಕ್ಕೆ ಏರಿಸಿದೆ. ಬಟನ್‌ಗಳು ನೋಡಲು ದೊಡ್ಡದಾದವು, ತಪ್ಪುಗಳು ಹಾಗೆಯೇ ಉಳಿದವು. ಯಾಕೆಂದು ತಿಳಿಯಲು ಒಂದು ಅಡಿಪಟ್ಟಿ ಸಾಕಾಯಿತು.

ಎತ್ತರ ಬೇರೆ, ಅಗಲ ಬೇರೆ

6.5 ಇಂಚಿನ ಫೋನ್ ಎಂದರೆ ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ. ಇಂದಿನ ಉದ್ದನೆಯ ಫೋನ್‌ಗಳಲ್ಲಿ ಅದರ ಪರದೆಯ ಅಗಲ ಸುಮಾರು 68 ಮಿಲಿಮೀಟರ್ ಮಾತ್ರ. ಇಂಗ್ಲಿಷ್ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಹತ್ತು ಅಕ್ಷರಗಳಿವೆ. ಹಾಗಾಗಿ ಒಂದು ಬಟನ್‌ಗೆ ಸಿಗುವ ಅಗಲ 7 ಮಿಲಿಮೀಟರ್‌ಗಿಂತ ಕಡಿಮೆ. ಬೆರಳಿನಿಂದ ಒತ್ತುವ ಬಟನ್ ಸುಮಾರು 9 ಮಿಲಿಮೀಟರ್ ಇರಬೇಕೆಂದು ಆಂಡ್ರಾಯ್ಡ್‌ನ ವಿನ್ಯಾಸ ಸೂತ್ರವೇ ಹೇಳುತ್ತದೆ. ಕೀಬೋರ್ಡಿನ ಎತ್ತರವನ್ನು ಎಷ್ಟೇ ಹೆಚ್ಚಿಸಿದರೂ ಅಗಲ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ, ಏಕೆಂದರೆ ಹತ್ತು ಬಟನ್‌ಗಳು ಅದೇ 68 ಮಿಲಿಮೀಟರನ್ನು ಹಂಚಿಕೊಳ್ಳಬೇಕು.

ಹಿರಿಯರ ತಪ್ಪುಗಳು ಯಾವ ದಿಕ್ಕಿಗೆ ಹೋಗುತ್ತವೆ ಎಂದು ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿ. ಮೇಲಿನ ಅಥವಾ ಕೆಳಗಿನ ಸಾಲಿನ ಅಕ್ಷರ ಬೀಳುತ್ತಿದ್ದರೆ ಎತ್ತರ ಹೆಚ್ಚಿಸಿದರೆ ಪ್ರಯೋಜನವಿದೆ. ಎಡ ಅಥವಾ ಬಲದ ಅಕ್ಷರ ಬೀಳುತ್ತಿದ್ದರೆ ಬೇಕಾದದ್ದು ಅಗಲ. ದೊಡ್ಡಮ್ಮನ ತಪ್ಪುಗಳೆಲ್ಲ ಪಕ್ಕದ ಅಕ್ಷರಗಳೇ ಆಗಿದ್ದವು.

ಅಗಲ ಪಡೆಯಲು ಇರುವ ದಾರಿಗಳು ಮೂರು. ಫೋನನ್ನು ಅಡ್ಡ ಹಿಡಿಯುವುದು ಮೊದಲನೆಯದು. ಆಗ ಅಗಲ 150 ಮಿಲಿಮೀಟರ್ ಆಗಿ ಬಟನ್ ಎರಡು ಪಟ್ಟು ಹಿಗ್ಗುತ್ತದೆ ನಿಜ, ಆದರೆ ಕೀಬೋರ್ಡ್ ಪರದೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನುಂಗುತ್ತದೆ. ಬಂದ ಸಂದೇಶವೇ ಕಾಣದಿದ್ದರೆ ಹೊಸದಾಗಿ ಕಲಿಯುವವರು ಗಾಬರಿಯಾಗುತ್ತಾರೆ. ಎರಡನೆಯದು, ಸಾಲಿನಲ್ಲಿರುವ ಬಟನ್‌ಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು. ಮೂರನೆಯದು, ಬಟನ್‌ಗಳ ಗೊಡವೆಯೇ ಇಲ್ಲದೆ ಬೆರಳಿನಿಂದ ಬರೆಯುವುದು. ಈ ಕೊನೆಯ ಎರಡರಲ್ಲಿ ಯಾವುದು ಎಂಬುದು ಆ ವ್ಯಕ್ತಿ ಈವರೆಗೆ ಹೇಗೆ ಬರೆಯುತ್ತ ಬಂದಿದ್ದಾರೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಆ್ಯಪ್ ಹುಡುಕುವ ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ.

ಬರೆಯುವ ರೀತಿ: ನಾಲ್ಕು ಆಯ್ಕೆಗಳು

ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ವಿಶೇಷವಿದೆ. ಮಾತು ತುಳು, ಕೊಂಕಣಿ ಅಥವಾ ಬ್ಯಾರಿ, ಓದು ಬರಹ ಹೆಚ್ಚಾಗಿ ಕನ್ನಡ ಲಿಪಿಯಲ್ಲಿ, ಮೊಮ್ಮಕ್ಕಳ ಸಂದೇಶಗಳು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ. ನಮಗೆ ಸುಲಭವಾದದ್ದನ್ನೇ ಹಿರಿಯರ ಫೋನಿನಲ್ಲೂ ಹಾಕಿಕೊಡುವುದು ನಾವು ಮಾಡುವ ದೊಡ್ಡ ತಪ್ಪು.

"ದೊಡ್ಡಮ್ಮ" ಎಂಬ ಒಂದೇ ಪದವನ್ನು ತೆಗೆದುಕೊಳ್ಳೋಣ. ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಪಡೆಯುವ "abc → ಕನ್ನಡ" ವಿಧಾನದಲ್ಲಿ doddamma ಎಂದು ಎಂಟು ಬಾರಿ ಒತ್ತಬೇಕು. ಕನ್ನಡ ಅಕ್ಷರಗಳ ಕೀಬೋರ್ಡಿನಲ್ಲಿ ದ, ಒಕಾರದ ಚಿಹ್ನೆ, ಡ, ಅರ್ಧಾಕ್ಷರದ ಚಿಹ್ನೆ, ಮತ್ತೆ ಡ, ಮ, ಮತ್ತೆ ಅರ್ಧಾಕ್ಷರದ ಚಿಹ್ನೆ, ಮ, ಇಲ್ಲಿಯೂ ಎಂಟೇ. ಲೆಕ್ಕ ಸಮವಾದರೂ ಕಷ್ಟ ಬೇರೆ ಬೇರೆ. ಮೊದಲನೆಯದಕ್ಕೆ ಇಂಗ್ಲಿಷ್ ಅಕ್ಷರಗಳ ಪರಿಚಯ ಬೇಕು, ಮತ್ತು ಬಟನ್‌ಗಳು ಅದೇ ಹತ್ತರ ಸಾಲಿನಲ್ಲಿ ಇಕ್ಕಟ್ಟಾಗಿ ಕುಳಿತಿರುತ್ತವೆ. ಎರಡನೆಯದರಲ್ಲಿ ಅಕ್ಷರ ಗೊತ್ತಿದ್ದರೂ ಒತ್ತಕ್ಷರ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಸ್ಲೇಟಿನ ಮೇಲೆ ಡ ಬರೆದು ಅದರ ಕೆಳಗೆ ಒತ್ತು ಕೊಟ್ಟು ಕಲಿತವರಿಗೆ, ಎರಡು ಡಗಳ ನಡುವೆ ಒಂದು ಚಿಹ್ನೆ ಒತ್ತಿದರೆ ಎರಡನೆಯ ಡ ತಾನಾಗಿ ಕೆಳಗಿಳಿಯುತ್ತದೆ ಎಂಬುದು ಊಹೆಗೆ ನಿಲುಕದ ಸಂಗತಿ. ದೊಡ್ಡಮ್ಮ "ಅಕ್ಕಿ" ಬರೆಯಲು ಹೋಗಿ "ಅಕಕಿ" ಎಂದು ಬರೆದು ಸುಮ್ಮನಾದದ್ದು ಇದರಿಂದಲೇ.

ಹಾಗೆಂದು ಕನ್ನಡ ಕೀಬೋರ್ಡನ್ನು ಎಲ್ಲರಿಗೂ ತಳ್ಳಿಹಾಕುವಂತಿಲ್ಲ. ಕಚೇರಿಯಲ್ಲಿ ನುಡಿ ತಂತ್ರಾಂಶದಲ್ಲಿ ಕೆಲಸ ಮಾಡಿ ನಿವೃತ್ತರಾದವರಿಗೆ ಈ ಅರ್ಧಾಕ್ಷರದ ತರ್ಕ ಕರಗತವಾಗಿರುತ್ತದೆ. ಆ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಅವರು ಮಂಗಳೂರು ಬಳಿಯ ಕಿನ್ನಿಕಂಬಳದವರು ಎಂಬುದನ್ನು ನಮ್ಮೂರಿನ ಹೆಮ್ಮೆಯಾಗಿ ಇಲ್ಲಿ ನೆನೆಯುತ್ತೇನೆ.

ಮೂರನೆಯ ಆಯ್ಕೆ ಕೈಬರಹ. ಗೂಗಲ್‌ನ ಜಿಬೋರ್ಡ್‌ನಲ್ಲಿ ಕನ್ನಡಕ್ಕೆ ಇದು ಲಭ್ಯವಿದೆ. ಬಟನ್‌ಗಳ ಜಾಗದಲ್ಲಿ ಪರದೆಯ ಅಷ್ಟೂ ಅಗಲದ ಖಾಲಿ ಫಲಕ ಬರುತ್ತದೆ, ಅದರ ಮೇಲೆ ಬೆರಳಿನಿಂದ ಬರೆದದ್ದು ಅಚ್ಚಿನ ಅಕ್ಷರವಾಗುತ್ತದೆ. ಒತ್ತಿಗೆ ಒತ್ತು, ದೀರ್ಘಕ್ಕೆ ದೀರ್ಘ, ಶಾಲೆಯಲ್ಲಿ ಕಲಿತಂತೆಯೇ. ಕೆಳಗೆ ಉಳಿಯುವುದು ಖಾಲಿ ಜಾಗ ಬಿಡುವ, ಅಳಿಸುವ, ಕಳುಹಿಸುವ ಕೆಲವೇ ಬಟನ್‌ಗಳು. ಜಿಬೋರ್ಡ್ ಸೆಟ್ಟಿಂಗ್ಸಿನ "Languages" ಒಳಗೆ "Add keyboard" ಒತ್ತಿ ಕನ್ನಡವನ್ನು ಆರಿಸಿದರೆ ಮೇಲ್ಭಾಗದಲ್ಲಿ ವಿನ್ಯಾಸಗಳ ಸಾಲು ಕಾಣುತ್ತದೆ. ಅದನ್ನು ಪಕ್ಕಕ್ಕೆ ಸರಿಸುತ್ತ ಹೋದರೆ "Handwriting" ಸಿಗುತ್ತದೆ. ಅದನ್ನು ಮಾತ್ರ ಉಳಿಸಿ ಉಳಿದವುಗಳ ಗುರುತು ತೆಗೆಯಿರಿ.

ಕೈಬರಹದ ಮಿತಿಗಳನ್ನೂ ಹೇಳಬೇಕು. ಪ ಮತ್ತು ಫ, ದ ಮತ್ತು ಧ ಇಂಥ ಜೋಡಿಗಳ ನಡುವಿನ ಅಂತರ ಒಂದು ಸಣ್ಣ ಗೀರು ಮಾತ್ರ. ಆ ಗೀರನ್ನು ಬೆರಳು ಎಳೆಯದಿದ್ದರೆ ಅಕ್ಷರ ಬದಲಾಗುತ್ತದೆ. ಕೈ ನಡುಗುವವರಿಗೆ ಇದು ಒಗ್ಗುವುದಿಲ್ಲ. ಒಂದು ಅಕ್ಷರ ಬರೆದು ಯೋಚಿಸುತ್ತ ನಿಂತರೆ ಫೋನ್ ಅಷ್ಟನ್ನೇ ಪೂರ್ಣ ಪದವೆಂದು ತಿಳಿದುಬಿಡುತ್ತದೆ. ಎರಡು ಮೂರು ಅಕ್ಷರಗಳನ್ನು ಒಂದೇ ಓಟದಲ್ಲಿ, ಫಲಕದ ಎತ್ತರ ಪೂರ್ತಿ ತುಂಬುವಷ್ಟು ದೊಡ್ಡದಾಗಿ ಬರೆಯಲು ಹೇಳಿಕೊಟ್ಟರೆ ಫಲಿತಾಂಶ ಬಹಳ ಸುಧಾರಿಸುತ್ತದೆ. ಕೀಬೋರ್ಡಿನ ಎತ್ತರವನ್ನು ಗರಿಷ್ಠಕ್ಕೆ ಏರಿಸುವುದು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ, ಏಕೆಂದರೆ ಒತ್ತಕ್ಷರಕ್ಕೆ ಕೆಳಗಡೆ ಜಾಗ ಬೇಕು.

ನಾಲ್ಕನೆಯದು ಧ್ವನಿ. ಗೂಗಲ್‌ನ ಧ್ವನಿ ಬರಹ 2017ರಿಂದ ಕನ್ನಡವನ್ನು ಅರ್ಥಮಾಡಿಕೊಳ್ಳುತ್ತದೆ. ನಮ್ಮ ಭಾಗದ ಕನ್ನಡ ಪುಸ್ತಕದ ಭಾಷೆಗೆ ಹತ್ತಿರವಿರುವುದರಿಂದ ಅದು ನಮ್ಮನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ದೊಡ್ಡಮ್ಮ ಎರಡನೇ ವಾಕ್ಯಕ್ಕೆ ತುಳುವಿಗೆ ಜಾರುತ್ತಾರೆ, ಆಗ ಪರದೆಯ ಮೇಲೆ ಮೂಡುವುದು ಯಾರಿಗೂ ಅರ್ಥವಾಗದ ಪದಗಳ ರಾಶಿ. ಜೊತೆಗೆ, ಮನೆಯ ವಿಷಯವನ್ನು ಜೋರಾಗಿ ಹೇಳಿ ಬರೆಸುವುದು ಅವರಿಗೆ ಇಷ್ಟವಿಲ್ಲ. ಇದನ್ನು ಎರಡನೆಯ ದಾರಿಯಾಗಿ ಇಟ್ಟುಕೊಳ್ಳಬಹುದು.

ಒಂದೇ ವಾಕ್ಯವನ್ನು ಎಲ್ಲ ವಿಧಾನಗಳಲ್ಲಿ ಬರೆಸಿ ತಪ್ಪು ಎಣಿಸಿದೆ. "ಅಕ್ಕಿ ಮುಗಿದಿದೆ, ನಾಳೆ ಬಾ" ಎಂಬ ವಾಕ್ಯ. ಕನ್ನಡ ಬಟನ್‌ಗಳಲ್ಲಿ ಆರು ತಪ್ಪು, ಎತ್ತರ ಏರಿಸಿದ ಮೇಲೆ ಐದು. ಕೈಬರಹದಲ್ಲಿ ಮೊದಲ ದಿನ ಮೂರು, ನಾಲ್ಕನೆಯ ದಿನ ಒಂದು. ಇಂಗ್ಲಿಷ್ ಅಕ್ಷರಗಳ ದಾರಿಯನ್ನು ಅವರು ಎರಡು ಪದಕ್ಕೇ ಕೈಬಿಟ್ಟರು. ನೀವೂ ಹೀಗೆಯೇ ಪರೀಕ್ಷಿಸಿ. ವಾಕ್ಯದಲ್ಲಿ ಒಂದಾದರೂ ಒತ್ತಕ್ಷರ ಇರಲಿ, ಎರಡು ಮೂರು ದಿನ ಬಿಟ್ಟು ಮತ್ತೆ ಬರೆಸಿ. ಮೊದಲ ದಿನದ ಫಲಿತಾಂಶವನ್ನು ಮಾತ್ರ ನಂಬಬೇಡಿ.

ಬಂದರಿನಲ್ಲಿ ಅಂಗಡಿ ನಡೆಸುತ್ತಿದ್ದ ನನ್ನ ಮಾವನ ಕಥೆ ಬೇರೆ. ಹದಿನೈದು ವರ್ಷ ಗುಂಡಿಗಳ ಹಳೆಯ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸಂದೇಶ ಕಳುಹಿಸಿದವರು. ಅವರಿಗೆ ಹೊಂದಿದ್ದು ಸ್ಯಾಮ್‌ಸಂಗ್ ಕೀಬೋರ್ಡಿನಲ್ಲಿ ಇಂಗ್ಲಿಷಿಗೆ ಸಿಗುವ "3 x 4 keyboard". ಎರಡರ ಮೇಲೆ abc, ಮೂರರ ಮೇಲೆ def ಎಂಬ ಹಳೆಯ ಜೋಡಣೆ ಅದು. ಬಟನ್‌ನ ಅಗಲ ಸುಮಾರು ಎರಡು ಪಟ್ಟಾಗುತ್ತದೆ, ಬೆರಳಿಗೆ ಹಳೆಯ ನೆನಪೂ ಇರುತ್ತದೆ. ಹಳೆಯ ಫೋನಿನಲ್ಲಿ ಸಂದೇಶ ಬರೆದು ಅಭ್ಯಾಸವಿರುವ ಹಿರಿಯರಿದ್ದರೆ ಮೊದಲು ಇದನ್ನೇ ತೋರಿಸಿ.

ಯಾವ ಕೀಬೋರ್ಡ್ ಆ್ಯಪ್?

ಮನೆಯಲ್ಲಿರುವುದು ಸ್ಯಾಮ್‌ಸಂಗ್ ಫೋನ್ ಆಗಿದ್ದು, ಬಟನ್ ಒತ್ತಿಯೇ ಬರೆಯುವವರಾದರೆ ಅದರದೇ ಕೀಬೋರ್ಡನ್ನು ಇಟ್ಟುಕೊಳ್ಳಿ. ಹೆಚ್ಚು ಸ್ಪಷ್ಟತೆಯ ಬಣ್ಣಗಳು ಅದರಲ್ಲಿ ಸಿದ್ಧವಾಗಿಯೇ ಇವೆ. ಸೆಟ್ಟಿಂಗ್ಸಿನ ಹುಡುಕುವ ಪೆಟ್ಟಿಗೆಯಲ್ಲಿ "High contrast keyboard" ಎಂದು ಬರೆದರೆ ನೇರವಾಗಿ ಅಲ್ಲಿಗೆ ಹೋಗಬಹುದು. ಹಳದಿ, ಎರಡು ಬಗೆಯ ಕಪ್ಪು ಮತ್ತು ನೀಲಿ ಎಂಬ ನಾಲ್ಕು ಬಣ್ಣಗಳಿವೆ. "Size and transparency" ಒತ್ತಿದರೆ ಚೌಕಟ್ಟನ್ನು ಎಳೆದು ಗಾತ್ರ ಬದಲಿಸಬಹುದು. ಅಕ್ಷರದ ಗಾತ್ರವನ್ನು ಪ್ರತ್ಯೇಕವಾಗಿ ಹೆಚ್ಚಿಸಲು "Font size" ಇದೆ. ಇದು ಮುಖ್ಯ, ಏಕೆಂದರೆ ಬಟನ್ ದೊಡ್ಡದಾದ ಮಾತ್ರಕ್ಕೆ ಅದರ ಮೇಲಿನ ಅಕ್ಷರವೂ ಅಷ್ಟೇ ದೊಡ್ಡದಾಗಬೇಕೆಂದಿಲ್ಲ. ಪೂರ್ತಿ ಹೊಸಬರಿಗೆ "Easy mode" ಹಾಕಿದರೆ ದೊಡ್ಡ ಚಿತ್ರಗಳೊಂದಿಗೆ ಈ ಕೀಬೋರ್ಡ್ ಬಣ್ಣದ ಆಯ್ಕೆಯೂ ಒಂದೇ ಪುಟದಲ್ಲಿ ಬರುತ್ತದೆ.

ಬೇರೆ ಆಂಡ್ರಾಯ್ಡ್ ಫೋನ್‌ಗಳಿಗೆ ಮತ್ತು ಕನ್ನಡ ಕೈಬರಹ ಬೇಕಾದವರಿಗೆ ನನ್ನ ಆಯ್ಕೆ ಜಿಬೋರ್ಡ್. ಅದರಲ್ಲಿ "Theme" ಒಳಗೆ ಒಂದು ಗಾಢ ಕಪ್ಪು ಅಥವಾ ಅಚ್ಚ ಬಿಳಿ ಬಣ್ಣವನ್ನು ಆರಿಸಿ, ಅನ್ವಯಿಸುವ ಮೊದಲು "Key borders" ಚಾಲೂ ಮಾಡಿ. ಈ ಗಡಿರೇಖೆ ಇಲ್ಲದಿದ್ದರೆ ಅಕ್ಷರಗಳು ಗಾಳಿಯಲ್ಲಿ ತೇಲಿದಂತೆ ಕಾಣುತ್ತವೆ, ಬಟನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಮಂದ ದೃಷ್ಟಿಗೆ ತಿಳಿಯುವುದಿಲ್ಲ. ಎತ್ತರದ ಆಯ್ಕೆ "Preferences" ಒಳಗಿನ "Keyboard height".

ಗಲ್ಫ್‌ನಿಂದ ಬಂದ ಮಕ್ಕಳು ತಮ್ಮ ಹಳೆಯ ಐಫೋನನ್ನು ಅಮ್ಮನಿಗೆ ಕೊಟ್ಟು ಹೋಗುವುದು ನಮ್ಮಲ್ಲಿ ಸಾಮಾನ್ಯ. ಅದರ ಸ್ವಂತ ಕೀಬೋರ್ಡಿಗೆ ಎತ್ತರ ಹೆಚ್ಚಿಸುವ ಆಯ್ಕೆ ಇಲ್ಲ. "Display Zoom" ಮತ್ತು "Bold Text" ಹಾಕಿದರೆ ಸ್ವಲ್ಪ ಅನುಕೂಲವಾಗುತ್ತದೆ, ಅಷ್ಟೇ. ಬರೆಯುವುದೇ ಮುಖ್ಯವಾದರೆ ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನ್ ಹಿರಿಯರಿಗೆ ಹೆಚ್ಚು ಉಪಕಾರಿ.

ದೊಡ್ಡ ಬಟನ್ ಕೀಬೋರ್ಡ್ ಎಂದು ಹುಡುಕಿದಾಗ ಸಿಗುವ ಅಪರಿಚಿತ ಆ್ಯಪ್‌ಗಳನ್ನು ಹಾಕಬೇಡಿ. ಹೊಸ ಕೀಬೋರ್ಡನ್ನು ಚಾಲೂ ಮಾಡುವಾಗ, ನೀವು ಬರೆಯುವ ಎಲ್ಲವನ್ನೂ, ಪಾಸ್‌ವರ್ಡ್‌ಗಳನ್ನೂ ಇದು ಸಂಗ್ರಹಿಸಬಲ್ಲದು ಎಂದು ಆಂಡ್ರಾಯ್ಡ್ ತಾನೇ ಎಚ್ಚರಿಸುತ್ತದೆ. ಪಿಂಚಣಿ ಖಾತೆ ಇರುವ ಫೋನಿನಲ್ಲಿ ಆ ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಬಣ್ಣ: ಕುಳಿತುಕೊಳ್ಳುವ ಜಾಗದಲ್ಲೇ ನೋಡಿ

ಎರಡು ಬಣ್ಣಗಳ ನಡುವಿನ ಬೆಳಕಿನ ವ್ಯತ್ಯಾಸಕ್ಕೆ ಒಂದು ಅಳತೆ ಇದೆ. ಕಪ್ಪು ಬಿಳುಪಿನ ನಡುವೆ ಅದು 21, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಕಪ್ಪಿನ ಮೇಲೆ ಹಳದಿಗೆ 19ಕ್ಕಿಂತ ಹೆಚ್ಚು. ಕಪ್ಪಿನ ಮೇಲೆ ಅಚ್ಚ ನೀಲಿಗೆ ಎರಡೂವರೆಯೂ ಇಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತ ನೀಲಿ ಬೆಳಕನ್ನು ತಡೆಯುವುದರಿಂದ ಹಿರಿಯರಿಗೆ ನೀಲಿ ಅಕ್ಷರಗಳು ಇನ್ನಷ್ಟು ಮಂಕಾಗುತ್ತವೆ.

ಕಪ್ಪು ಹಿನ್ನೆಲೆಯೇ, ಬಿಳಿ ಹಿನ್ನೆಲೆಯೇ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಕಣ್ಣಿನ ಪೊರೆ ಇರುವವರಿಗೆ ಬಿಳಿ ಹಿನ್ನೆಲೆಯ ಬೆಳಕು ಕಣ್ಣೊಳಗೆ ಚದುರಿ ಕೋರೈಸುತ್ತದೆ, ಅವರಿಗೆ ಕಪ್ಪಿನ ಮೇಲೆ ಹಳದಿ ಹಿತ. ದೃಷ್ಟಿಯಲ್ಲಿ ಅಸಮ ವಕ್ರತೆ ಇದ್ದು ಕನ್ನಡಕ ಸರಿಯಿಲ್ಲದವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರಗಳು ಹಬ್ಬಿಕೊಂಡಂತೆ ಕಾಣುತ್ತವೆ, ಅವರಿಗೆ ಬಿಳಿಯ ಮೇಲೆ ಕಪ್ಪು ಒಳ್ಳೆಯದು. ಕನ್ನಡದಲ್ಲಿ ಈ ಹಬ್ಬುವಿಕೆ ಇನ್ನೂ ತೊಂದರೆ ಕೊಡುತ್ತದೆ, ಏಕೆಂದರೆ ದ ಮತ್ತು ಧಗಳನ್ನು ಬೇರೆ ಮಾಡುವ ಗೀರೇ ಮುಚ್ಚಿಹೋಗುತ್ತದೆ. ಪರೀಕ್ಷೆಗೆ ಈ ಜೋಡಿಯನ್ನೇ ತೋರಿಸಿ, ಯಾವುದು ಯಾವುದೆಂದು ತಡವರಿಸದೆ ಹೇಳುತ್ತಾರೆಯೇ ನೋಡಿ.

ಇದನ್ನು ಅವರು ಫೋನ್ ಹಿಡಿದು ಕುಳಿತುಕೊಳ್ಳುವ ಜಾಗದಲ್ಲಿಯೇ ಮಾಡಬೇಕು. ದೊಡ್ಡಮ್ಮನಿಗೆ ಒಳಕೋಣೆಯಲ್ಲಿ ಕಪ್ಪು ಕೀಬೋರ್ಡ್ ಚೆನ್ನಾಗಿ ಕಂಡಿತು. ಅವರು ಸದಾ ಕುಳಿತಿರುವ ಜಗಲಿಗೆ ಬಂದಾಗ ಅಂಗಳದ ಬಿಸಿಲಿಗೆ ಅದೇ ಕಪ್ಪು ಪರದೆ ಕನ್ನಡಿಯಾಗಿ ತೆಂಗಿನ ಗರಿಗಳನ್ನೇ ತೋರಿಸಿತು. ಕೊನೆಗೆ ಬಿಳಿ ಹಿನ್ನೆಲೆ, ದಪ್ಪ ಗಡಿರೇಖೆ ಆರಿಸಿಕೊಂಡೆವು.

ಬಣ್ಣವನ್ನು "System Auto" ಎಂದು ಬಿಡಬೇಡಿ. ಬ್ಯಾಟರಿ ಉಳಿಸುವ ವ್ಯವಸ್ಥೆ ಚಾಲೂ ಆದಾಗ ಅನೇಕ ಫೋನ್‌ಗಳು ಕಪ್ಪು ಬಣ್ಣಕ್ಕೆ ತಿರುಗುತ್ತವೆ, ಕೀಬೋರ್ಡೂ ಅದನ್ನು ಹಿಂಬಾಲಿಸುತ್ತದೆ. ಬೆಳಿಗ್ಗೆ ಬಿಳಿಯಾಗಿದ್ದದ್ದು ಸಂಜೆ ಕಪ್ಪಾದರೆ ಫೋನ್ ಹಾಳಾಯಿತು ಎಂದೇ ಹಿರಿಯರು ತಿಳಿಯುತ್ತಾರೆ.

ಒತ್ತುವ ಸಮಯ ಮತ್ತು ಆಮೇಲಿನ ಎಡವಟ್ಟುಗಳು

ಬಟನ್ ಒತ್ತಿಯೇ ಬರೆಯುವ ಹಿರಿಯರು ಅದನ್ನು ಗಟ್ಟಿಯಾಗಿ, ನಿಧಾನವಾಗಿ ಒತ್ತುತ್ತಾರೆ. ಜಿಬೋರ್ಡ್ ಸುಮಾರು 300 ಮಿಲಿಸೆಕೆಂಡ್ ಕಾದು, ಇದು ದೀರ್ಘ ಒತ್ತು ಎಂದು ತೀರ್ಮಾನಿಸಿ ಬೇರೆ ಅಕ್ಷರ ಅಥವಾ ಚಿಹ್ನೆಯನ್ನು ತೋರಿಸುತ್ತದೆ. ಕೇಳದೆಯೇ ಅಂಕಿ, ಆವರಣ ಚಿಹ್ನೆಗಳು ಬರುತ್ತಿವೆ ಎಂಬ ದೂರಿದ್ದರೆ ಕಾರಣ ಇದೇ. "Preferences" ಒಳಗಿನ "Key long press delay" ಅನ್ನು ಬಲದ ತುದಿಗೆ ಎಳೆಯಿರಿ. "Long press for symbols" ಆಫ್ ಮಾಡಿದರೆ ಬಟನ್‌ಗಳ ಮೂಲೆಯಲ್ಲಿರುವ ಸಣ್ಣ ಬೂದು ಚಿಹ್ನೆಗಳೂ ಮಾಯವಾಗಿ ಮುಖ್ಯ ಅಕ್ಷರ ಎದ್ದು ಕಾಣುತ್ತದೆ. ಒತ್ತಿದ ಅಕ್ಷರ ಬೆರಳಿನ ಮೇಲ್ಗಡೆ ದೊಡ್ಡದಾಗಿ ಮೂಡುವ "Popup on keypress" ಮತ್ತು ಸಣ್ಣ ಕಂಪನ ಎರಡನ್ನೂ ಇಟ್ಟುಕೊಳ್ಳಿ. "Auto-correction" ಆಫ್ ಮಾಡಿ, ಇಲ್ಲವಾದರೆ ಊರ ಹೆಸರು, ಮನೆ ಹೆಸರುಗಳೆಲ್ಲ ತಿದ್ದಿಹೋಗುತ್ತವೆ.

ಎಷ್ಟು ಒತ್ತಿದರೂ ಅಕ್ಷರ ಬಾರದಿದ್ದರೆ ಕೀಬೋರ್ಡನ್ನು ದೂರುವ ಮೊದಲು ಬೆರಳನ್ನು ನೋಡಿ. ಪರದೆ ಕೆಲಸ ಮಾಡುವುದು ಚರ್ಮದ ವಿದ್ಯುತ್ ಗುಣದ ಮೇಲೆ. ಒಣಗಿ ಒರಟಾದ ಬೆರಳ ತುದಿ ಅದಕ್ಕೆ ಗೊತ್ತಾಗುವುದಿಲ್ಲ, ಪರದೆಗೆ ದಪ್ಪ ಗಾಜು ಅಂಟಿಸಿದ್ದರೆ ಇನ್ನೂ ಕಷ್ಟ. ದೊಡ್ಡಮ್ಮ ಬೆರಳ ತುದಿಯ ಬದಲು ಅದರ ಮೆತ್ತನೆಯ ಭಾಗವನ್ನು ತಾಗಿಸಲು ಕಲಿತ ಮೇಲೆ ಗೆರೆಗಳು ತುಂಡಾಗುವುದು ನಿಂತಿತು. ಆಟಿಯ ಮಳೆಯಲ್ಲಿ ಒದ್ದೆ ಕೈಯಿಂದ ಮುಟ್ಟಿದರೆ ತೊಂದರೆ ಇದಕ್ಕೆ ತದ್ವಿರುದ್ಧ, ಮುಟ್ಟದ ಜಾಗದಲ್ಲೂ ಗೆರೆ ಬೀಳುತ್ತದೆ. ಫೋನ್ ಪಕ್ಕದಲ್ಲಿ ಒಂದು ಹತ್ತಿ ಬಟ್ಟೆ ಇಡಿ.

ಒಂದು ವಾರದ ಬಳಿಕ "ಕೀಬೋರ್ಡ್ ಇಲ್ಲವಾಯಿತು" ಎಂಬ ಕರೆ ಬರುವುದು ಖಚಿತ. ಕೀಬೋರ್ಡ್ ಪರದೆಯ ನಡುವೆ ಸಣ್ಣದಾಗಿ ತೇಲುತ್ತಿದ್ದರೆ ಅದರ ಕೆಳಗಿನ ಹಿಡಿಯನ್ನು ಹಿಡಿದು ಪರದೆಯ ತಳಕ್ಕೆ ಎಳೆಯಬೇಕು. ಒಂದು ಬದಿಗೆ ಒತ್ತರಿಸಿಕೊಂಡಿದ್ದರೆ ಅದು ಒಂದು ಕೈಯ ವ್ಯವಸ್ಥೆ, ಪಕ್ಕದ ಖಾಲಿ ಜಾಗದಲ್ಲಿರುವ ಹಿಗ್ಗಿಸುವ ಚಿಹ್ನೆ ಒತ್ತಿದರೆ ಸರಿಯಾಗುತ್ತದೆ. ಇಂಗ್ಲಿಷಿಗೆ ತಿರುಗಿದ್ದರೆ ಗೋಳದ ಚಿಹ್ನೆ ತಾಗಿದೆ ಎಂದರ್ಥ. ಒಂದೇ ಭಾಷೆ, ಒಂದೇ ವಿನ್ಯಾಸ ಉಳಿಸಿದರೆ ಈ ಕೊನೆಯ ತೊಂದರೆ ಹುಟ್ಟುವುದೇ ಇಲ್ಲ.

ಯುಪಿಐ ಪಿನ್ ಕೇಳುವ ಪುಟಕ್ಕೆ ಇದಾವುದೂ ಅನ್ವಯಿಸುವುದಿಲ್ಲ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ. ಆ ಅಂಕಿಗಳ ಫಲಕ ಬೇರೆಯೇ ಆಗಿದ್ದು ನಮ್ಮ ಬಣ್ಣ, ಗಾತ್ರಗಳನ್ನು ಪಾಲಿಸುವುದಿಲ್ಲ. ಹೇಳದೆ ಬಿಟ್ಟರೆ ಅಂಗಡಿಯಲ್ಲಿ ನಿಂತು ಕಂಗಾಲಾಗುತ್ತಾರೆ.

ಎಲ್ಲ ಸರಿಯಾದ ದಿನ ದೊಡ್ಡಮ್ಮನ ಕೀಬೋರ್ಡಿನ ಪರದೆ ಚಿತ್ರವನ್ನು ತೆಗೆದು ಸ್ಟುಡಿಯೋದಲ್ಲಿ ಅಂಚೆ ಕಾರ್ಡಿನ ಗಾತ್ರಕ್ಕೆ ಅಚ್ಚು ಹಾಕಿಸಿ ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಅದರ ಇನ್ನೊಂದು ಪ್ರತಿ ನನ್ನ ಬಳಿ ಇದೆ. ಏನಾದರೂ ಬದಲಾದರೆ ಅವರು ಚಿತ್ರ ನೋಡಿ, "ಚಿತ್ರದಲ್ಲಿ ಗೋಳ ಇಲ್ಲ, ಈಗ ಬಂದಿದೆ" ಎಂದು ಹೇಳುತ್ತಾರೆ, ನಾನು ಉಡುಪಿಯಿಂದಲೇ ಯಾವುದನ್ನು ಒತ್ತಬೇಕೆಂದು ತಿಳಿಸುತ್ತೇನೆ.